ಸಣ್ಣ ಲಾಡ್ಜ್‌ಗೆ ವಾಟ್ಸಾಪ್ ಬಿಸಿನೆಸ್: ತಾನಾಗಿ ಹೋಗುವ ಮೆಸೇಜ್, ರೆಡಿ ಉತ್ತರ – ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿಯಲ್ಲಿ ನಮ್ಮದು 12 ರೂಮಿನ ಲಾಡ್ಜ್. ಬಸ್ ಸ್ಟ್ಯಾಂಡಿನಿಂದ ನಡೆದೇ ಬರಬಹುದು. ರಿಸೆಪ್ಷನ್‌ನಲ್ಲಿ ಇರೋದು ಒಂದೇ ಫೋನ್, ಅದನ್ನ ನೋಡಿಕೊಳ್ಳೋದು ನಾನು ಮತ್ತು ಇಬ್ಬರು ಹುಡುಗರು. ದಿನಕ್ಕೆ ಬರುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ: ರೂಮ್ ಇದೆಯಾ, ರೇಟ್ ಎಷ್ಟು, ಬೆಳಗ್ಗೆ ಐದಕ್ಕೆ ಬಂದರೆ ರೂಮ್ ಕೊಡ್ತೀರಾ, ಬಿಸಿನೀರು ಬರುತ್ತಾ. ಇದನ್ನೆಲ್ಲ ನಾವು ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಹೇಗೆ ಹೊಂದಿಸಿಕೊಂಡಿದ್ದೇವೆ ಅನ್ನೋದನ್ನ ನೋಡಿ ಹೋದ ಬೇರೆ ಊರಿನ ಲಾಡ್ಜಿನವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಅವರು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಈಗಿರುವ ಮಾಮೂಲಿ ವಾಟ್ಸಾಪ್‌ನಲ್ಲೇ ಇದನ್ನ ಮಾಡಬಹುದಾ?

ಆಗಲ್ಲ. ಇದಕ್ಕೆ ವಾಟ್ಸಾಪ್ ಬಿಸಿನೆಸ್ ಅನ್ನೋ ಬೇರೆ ಆ್ಯಪ್ ಬೇಕು. ಅದು ಉಚಿತ, ಪ್ಲೇ ಸ್ಟೋರ್‌ನಲ್ಲೂ ಐಫೋನ್‌ನಲ್ಲೂ ಸಿಗುತ್ತದೆ. ಒಂದೇ ನಂಬರ್ ಮಾಮೂಲಿ ವಾಟ್ಸಾಪ್‌ನಲ್ಲೂ ಬಿಸಿನೆಸ್‌ನಲ್ಲೂ ಒಟ್ಟಿಗೆ ನಡೆಯಲ್ಲ. ಹಾಗಾಗಿ ಮನೆಯ ನಂಬರ್ ಒಂದು, ಲಾಡ್ಜಿನ ನಂಬರ್ ಒಂದು ಅಂತ ಮೊದಲೇ ಬೇರೆ ಮಾಡಿಕೊಳ್ಳಿ. ಲಾಡ್ಜಿನ ನಂಬರ್ ಈಗಾಗಲೇ ಮಾಮೂಲಿ ವಾಟ್ಸಾಪ್‌ನಲ್ಲಿದ್ದರೆ, ಚಾಟ್ ಬ್ಯಾಕಪ್ ತೆಗೆದುಕೊಂಡು, ಅದೇ ಫೋನ್‌ನಲ್ಲಿ ಬಿಸಿನೆಸ್ ಆ್ಯಪ್ ಹಾಕಿ ಅದೇ ನಂಬರ್ ಕೊಡಿ. ಹಳೇ ಚಾಟ್‌ಗಳನ್ನ ತರಲಾ ಅಂತ ಅದೇ ಕೇಳುತ್ತದೆ.

ಲ್ಯಾಂಡ್‌ಲೈನ್ ನಂಬರಿಗೂ ಇದು ನಡೆಯುತ್ತದೆ. ಕೋಡ್ ಎಸ್ಸೆಮ್ಮೆಸ್‌ನಲ್ಲಿ ಬರೋದಿಲ್ಲವಲ್ಲ, ಅದಕ್ಕೆ ಕರೆ ಮಾಡಿ ಹೇಳು ಅನ್ನೋ ಆಯ್ಕೆ ಒತ್ತಬೇಕು. ಬೋರ್ಡಿನ ಮೇಲೆ, ಹಳೇ ವಿಸಿಟಿಂಗ್ ಕಾರ್ಡಿನ ಮೇಲೆ ಲ್ಯಾಂಡ್‌ಲೈನ್ ನಂಬರೇ ಇರುವ ಲಾಡ್ಜ್‌ಗಳಿಗೆ ಇದು ತುಂಬಾ ಅನುಕೂಲ.

ಇದರಲ್ಲಿ ತಾನಾಗಿ ಹೋಗೋದು ಯಾವುದು, ನಾವು ಕಳಿಸಬೇಕಾದ್ದು ಯಾವುದು?

ಇದೊಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಆ್ಯಂಡ್ರಾಯ್ಡ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದರೆ Business tools ಅಂತ ಸಿಗುತ್ತದೆ. ಕೆಲವು ಫೋನ್‌ಗಳಲ್ಲಿ ಅದಕ್ಕೆ Tools ಅಂತ ಬೇರೆ ಟ್ಯಾಬೇ ಇರುತ್ತದೆ. ಅದರೊಳಗೆ ನಮಗೆ ಬೇಕಾದ್ದು ಮೂರು: Greeting message, Away message, Quick replies.

ಮೊದಲನೆಯದು ಹೊಸದಾಗಿ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತು. ಎರಡನೆಯದು ನಾವು ಇಲ್ಲದ ಹೊತ್ತಿನಲ್ಲಿ ತಾನಾಗಿ ಹೋಗುವ ಮಾತು. ಮೂರನೆಯದು ತಾನಾಗಿ ಹೋಗೋದಿಲ್ಲ. ಅದು ಮೊದಲೇ ಬರೆದಿಟ್ಟ ರೆಡಿ ಉತ್ತರ. ಚಾಟ್‌ನಲ್ಲಿ ನಾವು ಎರಡು ಅಕ್ಷರ ಒತ್ತಿದರೆ ಪೂರ್ತಿ ಉತ್ತರ ಬಂದು ಕೂರುತ್ತದೆ, ನೋಡಿ ಕಳಿಸುವುದು ನಾವೇ.

ತಾನಾಗಿ ಹೋಗುವ ಎರಡಕ್ಕೂ ಎದುರಿನವರು ಏನು ಕೇಳಿದರು ಅಂತ ಗೊತ್ತಿರಲ್ಲ. ಇವತ್ತು ಯಾವ ರೂಮ್ ಖಾಲಿ ಅಂತಲೂ ಗೊತ್ತಿರಲ್ಲ. ಆದ್ದರಿಂದ ನಮ್ಮಲ್ಲಿ ಒಂದು ನಿಯಮ ಇದೆ: ತಾನಾಗಿ ಹೋಗುವ ಮೆಸೇಜ್ ವಿವರ ಕೇಳಬೇಕು, ಭರವಸೆ ಕೊಡಬಾರದು. ರೂಮ್ ಇದೆ ಅನ್ನೋ ಮಾತು ರಿಜಿಸ್ಟರ್ ನೋಡಿದ ಮನುಷ್ಯನಿಂದಲೇ ಹೋಗಬೇಕು.

ಸ್ವಾಗತದ ಮೆಸೇಜ್‌ನಲ್ಲಿ ಏನು ಬರೆಯಬೇಕು?

ಮೊದಲು ನಾವು ಬರೆದಿದ್ದು ಹೇಗಿತ್ತು ಹೇಳುತ್ತೇನೆ. "ನಮಸ್ಕಾರ, ನಮ್ಮ ಲಾಡ್ಜ್‌ಗೆ ಸ್ವಾಗತ. ಸ್ವಚ್ಛವಾದ ರೂಮ್‌ಗಳು ಲಭ್ಯವಿವೆ. 24 ಗಂಟೆ ಬಿಸಿನೀರು." ಓದೋಕೆ ಚೆನ್ನಾಗೇ ಇತ್ತು. ಜನವರಿಯಲ್ಲಿ ಬನಶಂಕರಿ ಜಾತ್ರೆ ಬಂತು. ಬನದ ಹುಣ್ಣಿಮೆಯ ಹಿಂದೆಮುಂದೆ ಬಾದಾಮಿಯಲ್ಲಿ ಒಂದು ರೂಮೂ ಸಿಗಲ್ಲ. ಒಂದು ಕುಟುಂಬ ರಾತ್ರಿ ಮೆಸೇಜ್ ಮಾಡಿದೆ, ಈ ಮಾತು ಹೋಗಿದೆ, "ಲಭ್ಯವಿವೆ" ಅನ್ನೋದನ್ನ ಅವರು ನಮ್ಮ ಒಪ್ಪಿಗೆ ಅಂತಲೇ ತಿಳಿದು ಹೊರಟುಬಿಟ್ಟಿದ್ದಾರೆ. ಬೆಳಗ್ಗೆ ವಯಸ್ಸಾದ ಅಜ್ಜಿಯ ಜೊತೆ ಬಾಗಿಲಿಗೆ ಬಂದು ನಿಂತರು. ಮೊಬೈಲ್ ಮುಂದೆ ಹಿಡಿದು "ನೀವೇ ಹೇಳಿದ್ದೀರಲ್ಲ" ಅಂದರು. ಅವರದ್ದು ತಪ್ಪೇ ಅಲ್ಲ. ಅಜ್ಜಿಯನ್ನ ನಮ್ಮ ಮನೆಯ ಕೋಣೆಯಲ್ಲಿ ಕೂರಿಸಿ, ಸಂಜೆ ಹೊತ್ತಿಗೆ ಒಂದು ರೂಮ್ ಬಿಡಿಸಿಕೊಟ್ಟೆವು. ಅವತ್ತೇ ಆ ಮೆಸೇಜ್ ತೆಗೆದೆ.

ಈಗ ಇರೋದು ಇದು:

"ನಮಸ್ಕಾರ. ಮೆಸೇಜ್ ಮಾಡಿದ್ದಕ್ಕೆ ಧನ್ಯವಾದ. ರೂಮ್ ಇದೆಯಾ ಅಂತ ನೋಡಿ ಹೇಳೋಕೆ ಈ ನಾಲ್ಕು ವಿವರ ಕಳಿಸಿ: 1. ಯಾವ ತಾರೀಖು 2. ಎಷ್ಟು ರಾತ್ರಿ 3. ದೊಡ್ಡವರು ಎಷ್ಟು, ಮಕ್ಕಳು ಎಷ್ಟು 4. ಬಂದು ತಲುಪುವ ಹೊತ್ತು. ಇದು ತಾನಾಗಿ ಬರುವ ಮೆಸೇಜ್. ನಾವು ನೋಡಿ ಖಚಿತ ಮಾಡಿದ ಮೇಲೆ ಮಾತ್ರ ಬುಕಿಂಗ್ ಆಗುತ್ತದೆ."

ಇದರ ಕೆಳಗೆ ಇದೇ ಮಾತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದೆ. ನಮಗೆ ಮಹಾರಾಷ್ಟ್ರದಿಂದ ಬರುವವರು ಜಾಸ್ತಿ, ವಿದೇಶದವರೂ ಬರುತ್ತಾರೆ. ಎರಡಕ್ಕಿಂತ ಜಾಸ್ತಿ ಭಾಷೆ ಹಾಕಬೇಡಿ, ಮೆಸೇಜ್ ಉದ್ದವಾದರೆ ಕೊನೆಯ ಸಾಲನ್ನ ಯಾರೂ ಓದಲ್ಲ. ನಮಗೆ ಬೇಕಾಗಿದ್ದು ಆ ಕೊನೆಯ ಸಾಲೇ.

ನಾಲ್ಕನೇ ಪ್ರಶ್ನೆ ಬಿಡಬೇಡಿ. ಬೆಳಗಿನ ಜಾವದ ರೈಲಿಗೆ ಬಂದವರು ಐದೂವರೆಗೆ ಬಾಗಿಲು ತಟ್ಟುತ್ತಾರೆ. ಅದು ಮೊದಲೇ ಗೊತ್ತಿದ್ದರೆ ಹಿಂದಿನ ರಾತ್ರಿಯ ರೂಮನ್ನ ಹಿಡಿದಿಡಬೇಕಾ, ಬೇಡವಾ ಅಂತ ಆಗಲೇ ಮಾತಾಡಬಹುದು.

ನನ್ನ ಇನ್ನೊಂದು ನಂಬರಿನಿಂದ ಪರೀಕ್ಷೆ ಮಾಡಿದೆ, ಸ್ವಾಗತದ ಮೆಸೇಜ್ ಬರಲೇ ಇಲ್ಲ. ಏನು ತಪ್ಪು?

ತಪ್ಪೇನೂ ಆಗಿರಲಿಕ್ಕಿಲ್ಲ. ಈ ಮೆಸೇಜ್ ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಆ ಚಾಟ್‌ನಲ್ಲಿ ಏನೂ ನಡೆಯದೆ ಆಮೇಲೆ ಬರೆದವರಿಗೆ ಮಾತ್ರ ಹೋಗುತ್ತದೆ. ನಿಮ್ಮ ಇನ್ನೊಂದು ನಂಬರ್ ನಿನ್ನೆಯೋ ಮೊನ್ನೆಯೋ ಲಾಡ್ಜಿನ ನಂಬರಿಗೆ ಮೆಸೇಜ್ ಮಾಡಿರುತ್ತದೆ. ಹಾಗಾಗಿ ಹೋಗಿಲ್ಲ. ಲಾಡ್ಜಿನ ನಂಬರಿಗೆ ಈವರೆಗೆ ಮೆಸೇಜ್ ಮಾಡದ ಯಾರದ್ದಾದರೂ ಫೋನ್ ತೆಗೆದುಕೊಳ್ಳಿ, ಪಕ್ಕದ ಅಂಗಡಿಯವರದ್ದಾದರೂ ಸರಿ. ಅದು ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಸೇವ್ ಆಗಿರಬಾರದು. ಅದರಿಂದ "ಹಲೋ" ಅಂತ ಕಳಿಸಿ ನೋಡಿ.

ಪಠ್ಯ ಬದಲಿಸಿದಾಗಲೆಲ್ಲ ಹೀಗೆ ಹೊಸ ಫೋನ್ ಹುಡುಕಬೇಕಾಗುತ್ತದೆ. ಅದಕ್ಕೆ ಮೊದಲು ಪಠ್ಯವನ್ನ ಮನೆಯವರಿಗೆ ಸುಮ್ನೆ ಮೆಸೇಜ್ ಆಗಿ ಕಳಿಸಿ, ಅವರ ಫೋನ್‌ನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಆ್ಯಪ್‌ನಲ್ಲಿ ಹಾಕಿ.

ರಾತ್ರಿ ಹೊತ್ತಿನ ಮೆಸೇಜ್‌ಗೆ ಸಮಯ ಹೊಂದಿಸೋದು ಹೇಗೆ?

ಲಾಡ್ಜಿನವರು ಎಡವೋದು ಇಲ್ಲೇ. Away message ಒಳಗೆ ಯಾವಾಗ ಕಳಿಸಬೇಕು ಅನ್ನೋದಕ್ಕೆ ಮೂರು ಆಯ್ಕೆ ಇವೆ.

Always send ಹಾಕಿದರೆ ಹಗಲು ರಾತ್ರಿ ನೋಡದೆ ಹೋಗುತ್ತದೆ. ನೀವು ಗಿರಾಕಿ ಜೊತೆ ಮಾತಾಡುತ್ತಿರುವಾಗಲೇ "ನಾವು ಈಗ ಲಭ್ಯವಿಲ್ಲ" ಅಂತ ನಡುವೆ ಬಂದು ಕೂತರೆ ಎದುರಿನವರಿಗೆ ಏನನ್ನಿಸುತ್ತದೆ ಅಲ್ವಾ? ಇದನ್ನ ಲಾಡ್ಜ್ ಮುಚ್ಚಿರುವ ದಿನಕ್ಕೆ ಬಿಟ್ಟು ಬೇರೆ ಯಾವತ್ತೂ ಹಾಕಬೇಡಿ.

Custom schedule ಅಂದರೆ ಈ ತಾರೀಖಿನ ಈ ಹೊತ್ತಿನಿಂದ ಆ ತಾರೀಖಿನ ಆ ಹೊತ್ತಿನವರೆಗೆ. ಪ್ರತಿ ರಾತ್ರಿ ತಾನಾಗಿ ಮರುಕಳಿಸುತ್ತದೆ ಅಂತ ಅಂದುಕೊಂಡು ಹಾಕಿದವರು ಮಾರನೇ ದಿನ ಯಾಕೆ ಹೋಗಲಿಲ್ಲ ಅಂತ ಕೇಳುತ್ತಾರೆ. ಮನೆಯಲ್ಲಿ ಮದುವೆ, ಎರಡು ದಿನ ಫೋನ್ ನೋಡೋಕಾಗಲ್ಲ ಅನ್ನುವಂಥ ಸಂದರ್ಭಕ್ಕೆ ಇದು ಸರಿ.

ದಿನವೂ ಬೇಕಾದ್ದು ಮೂರನೆಯದು, Outside of business hours. ಇದು ನಿಮ್ಮ ಪ್ರೊಫೈಲ್‌ನಲ್ಲಿ ಹಾಕಿದ ಸಮಯ ನೋಡಿಕೊಂಡು ಕೆಲಸ ಮಾಡುತ್ತದೆ. ಲಾಡ್ಜ್ ಅಂದಮೇಲೆ 24 ಗಂಟೆ ತೆರೆದಿರುತ್ತದೆ, ಹಾಗಾಗಿ ಎಲ್ಲರೂ ಪ್ರೊಫೈಲ್‌ನಲ್ಲಿ ಯಾವಾಗಲೂ ತೆರೆದಿದೆ ಅಂತಲೇ ಹಾಕಿರುತ್ತಾರೆ. ಆಗ "ಹೊರಗಿನ ಹೊತ್ತು" ಅನ್ನೋದೇ ಉಳಿಯಲ್ಲ, ಮೆಸೇಜೂ ಹೋಗಲ್ಲ.

ನಾವು ಮಾಡಿದ್ದು ಹೀಗೆ. ಪ್ರೊಫೈಲ್‌ನಲ್ಲಿ ಲಾಡ್ಜ್ ತೆರೆದಿರುವ ಹೊತ್ತನ್ನ ಹಾಕಿಲ್ಲ, ಮೆಸೇಜ್‌ಗೆ ಉತ್ತರ ಕೊಡುವ ಹೊತ್ತನ್ನ ಹಾಕಿದ್ದೇವೆ. ಬೆಳಗ್ಗೆ 6ರಿಂದ ರಾತ್ರಿ 10:30. ಇದರಿಂದ ರಾತ್ರಿ ಪ್ರೊಫೈಲ್ ನೋಡಿದವರಿಗೆ "ಮುಚ್ಚಿದೆ" ಅಂತ ಕಾಣುತ್ತದೆ, ಅವರು ಲಾಡ್ಜೇ ಮುಚ್ಚಿದೆ ಅಂದುಕೊಳ್ಳಬಹುದು. ಅದಕ್ಕೆ ಪ್ರೊಫೈಲಿನ ವಿವರಣೆಯ ಮೊದಲ ಸಾಲಿನಲ್ಲೇ ಬರೆದಿದ್ದೇವೆ: "ರಿಸೆಪ್ಷನ್ 24 ಗಂಟೆ ತೆರೆದಿದೆ. ಮೇಲಿನ ಸಮಯ ಮೆಸೇಜ್ ಉತ್ತರಕ್ಕೆ ಮಾತ್ರ."

ರಾತ್ರಿ ಹೋಗುವ ಮಾತು ಇಷ್ಟೇ: "ಈಗ ರಾತ್ರಿ, ಮೆಸೇಜ್‌ಗೆ ಬೆಳಗ್ಗೆ 6ರ ಮೇಲೆ ಉತ್ತರ ಕೊಡುತ್ತೇವೆ. ಇವತ್ತೇ ರಾತ್ರಿ ರೂಮ್ ಬೇಕಿದ್ದರೆ ಅಥವಾ ನೀವು ಈಗಾಗಲೇ ಬುಕ್ ಮಾಡಿ ದಾರಿಯಲ್ಲಿದ್ದರೆ ಇದೇ ನಂಬರಿಗೆ ಫೋನ್ ಮಾಡಿ, ಎತ್ತುತ್ತೇವೆ." ಕೊನೆಯ ಮಾತು ನಿಜವಾಗಿರಬೇಕು. ರಾತ್ರಿ ಮಲಗುವ ಹುಡುಗನ ತಲೆಯ ಹತ್ತಿರ ಫೋನ್ ಇರಬೇಕು, ರಿಂಗ್ ಕೇಳಿಸಬೇಕು.

ಹೊಸಬರು ರಾತ್ರಿ ಹನ್ನೊಂದಕ್ಕೆ ಬರೆದರೆ ಸ್ವಾಗತದ ಮೆಸೇಜೂ ರಾತ್ರಿಯ ಮೆಸೇಜೂ ಬೆನ್ನಿಗೆ ಬೆನ್ನು ಹೋಗಬಹುದು. ಎರಡನ್ನೂ ಒಟ್ಟಿಗೆ ಓದಿ ನೋಡಿ. ಎರಡರಲ್ಲೂ "ನಮಸ್ಕಾರ, ಧನ್ಯವಾದ" ಬೇಡ. ಒಂದರಲ್ಲಿ "ಕೂಡಲೇ ಉತ್ತರಿಸುತ್ತೇವೆ", ಇನ್ನೊಂದರಲ್ಲಿ "ಬೆಳಗ್ಗೆ ಉತ್ತರಿಸುತ್ತೇವೆ" ಅಂತಲೂ ಆಗಬಾರದು.

ಎಲ್ಲ ಸರಿ ಹಾಕಿದ್ದೇನೆ, ಆದರೂ ಕೆಲವು ರಾತ್ರಿ ಹೋಗಲ್ಲ. ಯಾಕೆ?

ಮೆಸೇಜ್ ಹೋಗಬೇಕಾದರೆ ಆ ಫೋನಿನಲ್ಲಿ ಇಂಟರ್ನೆಟ್ ನಡೆಯುತ್ತಿರಬೇಕು. ನಮ್ಮಲ್ಲಿ ಕಾರಣ ಸಿಕ್ಕಿದ್ದು ಒಂದು ವಾರದ ಮೇಲೆ. ಹುಡುಗ ಮಲಗುವಾಗ ವೈಫೈ ರೂಟರ್‌ನ ಸ್ವಿಚ್ ಆರಿಸುತ್ತಿದ್ದ, ಫೋನಿನ ಮೊಬೈಲ್ ಡೇಟಾ ಆಫ್ ಆಗಿತ್ತು. ಕರೆಂಟ್ ಹೋದಾಗಲೂ ಇದೇ ಕಥೆ. ಈಗ ಮೊಬೈಲ್ ಡೇಟಾ ಯಾವಾಗಲೂ ಆನ್ ಇರುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಉಳಿಸುವ ಪಟ್ಟಿಯಿಂದ ವಾಟ್ಸಾಪ್ ಬಿಸಿನೆಸ್ ಅನ್ನು ಹೊರಗಿಟ್ಟಿದ್ದೇವೆ, ಇಲ್ಲದಿದ್ದರೆ ಕೆಲವು ಫೋನ್‌ಗಳು ರಾತ್ರಿ ಆ್ಯಪ್ ಅನ್ನೇ ಮಲಗಿಸಿಬಿಡುತ್ತವೆ. ಬೆಳಗ್ಗೆ ಎದ್ದಕೂಡಲೇ ಹಿಂದಿನ ರಾತ್ರಿ ಬಂದ ಚಾಟ್ ತೆರೆದು ನೋಡಿ. ಅವರ ಪ್ರಶ್ನೆಯ ಕೆಳಗೆ ನಮ್ಮ ರಾತ್ರಿಯ ಮಾತು ಎಷ್ಟು ಹೊತ್ತಿಗೆ ಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಲಿನವರಿಗೆ, ಬಟ್ಟೆ ಒಗೆಯುವವರಿಗೆ, ನೆಂಟರಿಗೂ ಇದು ಹೋಗುತ್ತಾ?

ತಡೆಯಬಹುದು. Recipients ಅಂತ ಇರುವಲ್ಲಿ Everyone not in address book ಆರಿಸಿ. ಸೇವ್ ಮಾಡಿದ ನಂಬರುಗಳಿಗೆ ಹೋಗಲ್ಲ. ಹಾಲು, ಲಾಂಡ್ರಿ, ಆಟೋದವರು, ಪ್ಲಂಬರ್ ಎಲ್ಲರನ್ನೂ ಸೇವ್ ಮಾಡಿ. ಬುಕಿಂಗ್ ಖಚಿತವಾದ ಅತಿಥಿಯನ್ನೂ ನಾವು ತಾರೀಖಿನ ಜೊತೆ ಸೇವ್ ಮಾಡುತ್ತೇವೆ, ಹಾಗಾಗಿ ಅವರು ಮಾತಾಡುವಾಗ ನಡುವೆ ನಾಲ್ಕು ಪ್ರಶ್ನೆಯ ಪಟ್ಟಿ ಹೋಗಲ್ಲ.

ರೆಡಿ ಉತ್ತರ ಮಾಡೋದು ಹೇಗೆ?

Quick replies ತೆರೆದು ಕೂಡಿಸುವ ಗುರುತು ಒತ್ತಿ. ಮೇಲೆ ಉತ್ತರ ಬರೆಯಿರಿ, ಕೆಳಗೆ ಅದಕ್ಕೆ ಒಂದು ಚಿಕ್ಕ ಹೆಸರು ಕೊಡಿ. ಚಾಟ್‌ನಲ್ಲಿ ಓರೆಗೆರೆ ಒತ್ತಿದರೆ ಪಟ್ಟಿ ಬರುತ್ತದೆ, ಹೆಸರಿನ ಮೊದಲೆರಡು ಅಕ್ಷರ ಹಾಕಿದರೆ ಉತ್ತರ ಸಿಗುತ್ತದೆ. 50 ಉತ್ತರಗಳವರೆಗೆ ಇಟ್ಟುಕೊಳ್ಳಬಹುದು, ನಮಗೆ ಒಂಬತ್ತೇ ಸಾಕಾಗಿವೆ. ಮೂವತ್ತು ಮಾಡಿಟ್ಟರೆ ಯಾವುದು ಏನು ಅಂತ ಹುಡುಗರಿಗೆ ನೆನಪಿರಲ್ಲ, ಮತ್ತೆ ಕೈಯಲ್ಲೇ ಟೈಪ್ ಮಾಡೋಕೆ ಶುರು ಮಾಡುತ್ತಾರೆ.

ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ, ಅವಸರದಲ್ಲಿ ಕೀಬೋರ್ಡ್ ಬದಲಿಸುವ ಕೆಲಸ ಇರಲ್ಲ. ನಮ್ಮಲ್ಲಿರುವ ಮುಖ್ಯವಾದವು:

```
/rate
/time
/map
/full
/adv
/id
```

ಕೀವರ್ಡ್ ಹಾಕೋಕೆ ಜಾಗ ಇದೆಯಲ್ಲ. "ರೇಟ್" ಅಂತ ಹಾಕಿದರೆ ರೇಟ್ ಕೇಳಿದವರಿಗೆ ತಾನಾಗಿ ಹೋಗುತ್ತಾ?

ಹೋಗಲ್ಲ. ಒಂದು ಉತ್ತರಕ್ಕೆ ಮೂರು ಕೀವರ್ಡ್ ಹಾಕಬಹುದು, ಅದು ನೀವು ಬರೆದಿಟ್ಟ ಉತ್ತರ ನಿಮಗೇ ಬೇಗ ಸಿಗಲಿ ಅಂತ. ಗಿರಾಕಿ ಬರೆದದ್ದನ್ನ ಓದಿ ಅದು ತಾನಾಗಿ ಉತ್ತರ ಕಳಿಸುವುದಿಲ್ಲ.

ಆ ಉತ್ತರಗಳಲ್ಲಿ ಏನೇನು ಬರೆದಿದ್ದೀರಿ?

ಹೆಚ್ಚು ಯೋಚನೆ ಮಾಡಿ ಬರೆದಿದ್ದು /time. ನಮ್ಮ ಕಡೆ ಲಾಡ್ಜ್‌ಗಳಲ್ಲಿ ಎರಡು ಪದ್ಧತಿ ಇವೆ. ಕೆಲವರದ್ದು 24 ಗಂಟೆ ಲೆಕ್ಕ: ಸಂಜೆ ಆರಕ್ಕೆ ಬಂದವರು ಮರುದಿನ ಸಂಜೆ ಆರಕ್ಕೆ ಬಿಟ್ಟರೆ ಸಾಕು. ಕೆಲವರದ್ದು ಮಧ್ಯಾಹ್ನ 12ರ ಲೆಕ್ಕ: ಎಷ್ಟು ಹೊತ್ತಿಗೆ ಬಂದರೂ ಮರುದಿನ ಹನ್ನೆರಡಕ್ಕೆ ಬಿಡಬೇಕು. ದೂರದಿಂದ ಬರುವವರು ತಮಗೆ ಗೊತ್ತಿರುವ ಪದ್ಧತಿಯೇ ಎಲ್ಲ ಕಡೆ ಇದೆ ಅಂದುಕೊಂಡಿರುತ್ತಾರೆ. ಕೌಂಟರಿನಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಇದರಿಂದಲೇ. ಹಾಗಾಗಿ ಉದಾಹರಣೆ ಕೊಟ್ಟು ಬರೆದಿದ್ದೇವೆ:

"ನಮ್ಮಲ್ಲಿ 24 ಗಂಟೆ ಲೆಕ್ಕ. ನೀವು ಬೆಳಗ್ಗೆ 6ಕ್ಕೆ ಕೀ ತೆಗೆದುಕೊಂಡರೆ ಮರುದಿನ ಬೆಳಗ್ಗೆ 6ರವರೆಗೆ ಒಂದು ದಿನ. ಒಂದು ಗಂಟೆ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಹೇಳಿ, ರೂಮ್ ಖಾಲಿ ಇದ್ದರೆ ಅರ್ಧ ದಿನದ ಬಾಡಿಗೆ. ಬಿಸಿನೀರು ಬೆಳಗ್ಗೆ 5:30ರಿಂದ 9:30."

ಬಿಸಿನೀರಿನ ಹೊತ್ತನ್ನ ಇದರಲ್ಲೇ ಸೇರಿಸಿದ್ದಕ್ಕೆ ಕಾರಣ ಇದೆ. ಮೊದಲು 24 ಗಂಟೆ ಅಂತ ಬರೆದಿದ್ದೆವಲ್ಲ, ಅದು ಸೋಲಾರ್ ನಂಬಿ ಬರೆದದ್ದು. ಮಳೆಗಾಲದಲ್ಲಿ ಮೂರು ದಿನ ಮೋಡ ಇದ್ದರೆ ನೀರು ಬೆಚ್ಚಗೂ ಆಗಲ್ಲ. ಈಗ ಗೀಸರ್ ಹಾಕಿ ಕೊಡುವ ಹೊತ್ತನ್ನ ಮಾತ್ರ ಬರೆದಿದ್ದೇವೆ.

/rate ಉತ್ತರದಲ್ಲಿ ರೂಮಿನ ವಿಧ, ಎಷ್ಟು ಜನಕ್ಕೆ, ತೆರಿಗೆ ಸೇರಿ ಒಟ್ಟು ಎಷ್ಟು, ಹೆಚ್ಚುವರಿ ಹಾಸಿಗೆಗೆ ಎಷ್ಟು, ಅಷ್ಟೇ. "ರೂಪಾಯಿ ಇಷ್ಟರಿಂದ ಶುರು" ಅಂತ ಬರೆಯಬೇಡಿ, ಎಲ್ಲರೂ ಆ ಕಡಿಮೆ ದರವನ್ನೇ ಹಿಡಿದುಕೊಂಡು ಬರುತ್ತಾರೆ. ಕೊನೆಯಲ್ಲಿ "ಬನಶಂಕರಿ ಜಾತ್ರೆಯ ದಿನಗಳಿಗೆ ದರ ಬೇರೆ, ಕೇಳಿ" ಅಂತ ಇದೆ.

/map ಉತ್ತರದಲ್ಲಿ ಗೂಗಲ್ ಮ್ಯಾಪ್ ಕೊಂಡಿಯ ಜೊತೆ ದಾರಿಯನ್ನ ಮಾತಿನಲ್ಲೂ ಬರೆದಿದ್ದೇವೆ. ಬಾದಾಮಿ ರೈಲ್ವೆ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ ಇದೆ. ಇದು ಗೊತ್ತಿಲ್ಲದೆ ಇಳಿದವರು ಕತ್ತಲೆಯಲ್ಲಿ ಗಾಬರಿಯಾಗುತ್ತಾರೆ. "ಸ್ಟೇಷನ್‌ನಿಂದ ಆಟೋ ಬೇಕು, ಬಸ್ ಸ್ಟ್ಯಾಂಡಿನಿಂದ ನಡೆದು ಬರಬಹುದು" ಅನ್ನೋ ಒಂದು ಸಾಲು ಎಷ್ಟೋ ಫೋನ್ ಕರೆ ಉಳಿಸಿದೆ. ಅದರ ಕೆಳಗೆ ಇನ್ನೊಂದು ಸಾಲು: "ನಮ್ಮೂರಲ್ಲಿ ಮಂಗಗಳು ಜಾಸ್ತಿ. ಕೈಯಲ್ಲಿ ಹಣ್ಣು, ಬಿಸ್ಕತ್ತು ಹಿಡಿದು ನಡೆಯಬೇಡಿ, ರೂಮಿನ ಕಿಟಕಿ ತೆರೆದಿಟ್ಟು ಹೊರಗೆ ಹೋಗಬೇಡಿ." ನಿಮ್ಮ ಊರಿನದೇ ಇಂಥದ್ದೊಂದು ಮಾತು ಇರುತ್ತದೆ, ಅದನ್ನ ಹಾಕಿ.

/full ಅಂದರೆ ರೂಮ್ ಇಲ್ಲ ಅನ್ನುವ ಉತ್ತರ. ಇದನ್ನ ಯಾರೂ ಬರೆದಿಡಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ. ಉತ್ತರ ಬರದಿದ್ದರೆ ಕಾಯುವವರು ಬೇರೆ ಕಡೆಯೂ ಹುಡುಕದೆ ಕೂತಿರುತ್ತಾರೆ. "ಕ್ಷಮಿಸಿ, ____ ತಾರೀಖಿಗೆ ಎಲ್ಲ ರೂಮ್ ಬುಕ್ ಆಗಿವೆ. ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ, ನಮ್ಮನ್ನ ಕಾಯಬೇಡಿ" ಅಂತ ನಾವು ಕಳಿಸುತ್ತೇವೆ. ಗೆರೆ ಇರುವಲ್ಲಿ ತಾರೀಖು ನಾವು ತುಂಬಬೇಕು. ಓರೆಗೆರೆಯಿಂದ ತಂದ ಉತ್ತರ ಮೊದಲು ಟೈಪ್ ಮಾಡುವ ಜಾಗದಲ್ಲಿ ಬಂದು ನಿಲ್ಲುತ್ತದೆ, ಅಲ್ಲಿ ತಿದ್ದಿ ಕಳಿಸಬಹುದು. ಗೆರೆಯನ್ನ ಹಾಗೇ ಬಿಟ್ಟು ಕಳಿಸಿದ್ದೂ ಉಂಟು, ಹುಡುಗರಿಗೆ ಇದನ್ನ ಎರಡು ಸಲ ಹೇಳಿಕೊಡಿ.

ಒಂದು ಬುಕಿಂಗ್ ಮೊದಲಿಂದ ಕೊನೆವರೆಗೆ ಹೇಗೆ ನಡೆಯುತ್ತದೆ, ಹೇಳಿ.

ಈಚೆಗಿನ ಒಂದನ್ನ ಹೇಳುತ್ತೇನೆ. ಗುರುವಾರ ರಾತ್ರಿ 10:52ಕ್ಕೆ ಬೆಂಗಳೂರಿನ ಒಬ್ಬರು "room available for Saturday?" ಅಂತ ಬರೆದರು. ಸ್ವಾಗತದ ಮಾತು ಹೋಯಿತು, ಅದರ ಹಿಂದೆಯೇ ರಾತ್ರಿಯ ಮಾತೂ ಹೋಯಿತು. ಅವರು ಅಲ್ಲೇ ನಾಲ್ಕಕ್ಕೂ ಉತ್ತರ ಬರೆದು ಮಲಗಿದ್ದಾರೆ: ಶನಿವಾರ, ಒಂದು ರಾತ್ರಿ, ದೊಡ್ಡವರು ನಾಲ್ಕು ಮಗು ಒಂದು, ಬೆಳಗ್ಗೆ ಐದೂವರೆ ರೈಲಿಗೆ.

ಶುಕ್ರವಾರ ಬೆಳಗ್ಗೆ 6:10ಕ್ಕೆ ನಾನು ರಿಜಿಸ್ಟರ್ ತೆಗೆದೆ. ಶನಿವಾರ ಎರಡು ಡಬಲ್ ರೂಮ್ ಖಾಲಿ ಇದ್ದವು, ಆದರೆ ಅದರಲ್ಲೊಂದು ಶನಿವಾರ ಬೆಳಗ್ಗೆ ಎಂಟಕ್ಕೆ ಬಿಡುವುದು. ಅದನ್ನ ಕೈಯಲ್ಲೇ ಬರೆದೆ: "ಒಂದು ರೂಮ್ ಬಂದಕೂಡಲೇ ಸಿಗುತ್ತದೆ, ಇನ್ನೊಂದು ಒಂಬತ್ತಕ್ಕೆ. ಅಲ್ಲಿಯವರೆಗೆ ಎಲ್ಲರೂ ಮೊದಲನೆಯದರಲ್ಲಿ ಮುಖ ತೊಳೆದುಕೊಳ್ಳಬಹುದು." ಇಂಥದ್ದಕ್ಕೆ ರೆಡಿ ಉತ್ತರ ಇರಲ್ಲ, ಇರಲೂಬಾರದು. ಆಮೇಲೆ /rate, /time ಎರಡನ್ನೂ ಕಳಿಸಿದೆ. ಅವರು ಒಪ್ಪಿದರು. /adv ಕಳಿಸಿದೆ. ಹಣ ಬಂದದ್ದನ್ನ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ "ಬುಕಿಂಗ್ ಖಚಿತ, ರೂಮ್ 104 ಮತ್ತು 107" ಅಂತ ಬರೆದೆ, ರಿಜಿಸ್ಟರಿನಲ್ಲೂ ಬರೆದೆ. ಕೊನೆಗೆ /map. ನಾನು ಕೈಯಲ್ಲಿ ಟೈಪ್ ಮಾಡಿದ್ದು ಮೂರೇ ಸಾಲು. ಚಾಟ್‌ಗೆ "ಖಚಿತ" ಅನ್ನೋ ಲೇಬಲ್ ಹಾಕಿದೆ. ನಮ್ಮಲ್ಲಿ ಲೇಬಲ್ ಮೂರೇ ಇವೆ: ವಿಚಾರಣೆ, ಅಡ್ವಾನ್ಸ್ ಬಾಕಿ, ಖಚಿತ.

ಅಡ್ವಾನ್ಸ್ ಕೇಳುವ ಉತ್ತರದಲ್ಲಿ ಏನು ಎಚ್ಚರಿಕೆ ಬೇಕು?

ನಮ್ಮ /adv ಹೀಗಿದೆ: "ರೂಮ್ ಹಿಡಿದಿಡೋಕೆ ಒಂದು ದಿನದ ಬಾಡಿಗೆಯ ಅರ್ಧ ಅಡ್ವಾನ್ಸ್. ಯುಪಿಐ ಐಡಿ ಕೆಳಗಿದೆ, ಹಣ ಕಳಿಸುವ ಮೊದಲು ನಮ್ಮ ಲಾಡ್ಜಿನ ಹೆಸರು ಕಾಣುತ್ತದಾ ನೋಡಿ. ಹಣ ನಮ್ಮ ಖಾತೆಗೆ ಬಂದ ಮೇಲೆ ಖಚಿತ ಮೆಸೇಜ್ ಕಳಿಸುತ್ತೇವೆ. ಎರಡು ದಿನ ಮುಂಚೆ ಹೇಳಿದರೆ ಅಡ್ವಾನ್ಸ್ ವಾಪಸ್."

ಸ್ಕ್ರೀನ್‌ಶಾಟ್ ನೋಡಿ ರೂಮ್ ಕೊಡಬೇಡಿ. ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಈಗ ಮಕ್ಕಳಿಗೂ ಬರುತ್ತದೆ. ಸಂದೇಶ ಬಂದಿದೆಯಾ ಅಂತ ಅಲ್ಲ, ಖಾತೆಯಲ್ಲಿ ಹಣ ಇದೆಯಾ ಅಂತ ನೋಡಿ.

ಲಾಡ್ಜ್‌ಗಳನ್ನೇ ಗುರಿ ಮಾಡುವ ಇನ್ನೊಂದು ಮೋಸ ಇದೆ. ಸೇನೆಯವನು ಅಂತ ಹೇಳಿಕೊಂಡು, ಸಮವಸ್ತ್ರದ ಫೋಟೋ, ಐಡಿ ಕಾರ್ಡ್ ಕಳಿಸಿ, ಐದಾರು ರೂಮ್ ಒಟ್ಟಿಗೆ ಕೇಳುತ್ತಾರೆ. ದರದ ಬಗ್ಗೆ ಚೌಕಾಸಿ ಮಾಡಲ್ಲ. ಆಮೇಲೆ ಒಂದು ಕ್ಯೂಆರ್ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ನಿಮಗೆ ಬರುತ್ತದೆ" ಅನ್ನುತ್ತಾರೆ. ಹಣ ಬರೋಕೆ ಯಾವತ್ತೂ ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ. ಕೌಂಟರಿನಲ್ಲಿ ಕೂರುವ ಹುಡುಗನಿಗೆ ಇದನ್ನ ಬರೆದು ಗೋಡೆಗೆ ಅಂಟಿಸಿ. ಹೋದ ಹಣಕ್ಕೆ ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು, ತಡ ಮಾಡಿದಷ್ಟೂ ಹಣ ಕೈಬಿಟ್ಟು ಹೋಗುತ್ತದೆ. ವಾಟ್ಸಾಪ್‌ನ ಆರು ಅಂಕಿಯ ಕೋಡ್ ಯಾರೇ ಕೇಳಿದರೂ ಕೊಡಬೇಡಿ, ಎರಡು ಹಂತದ ಪಿನ್ ಹಾಕಿಡಿ. ಲಾಡ್ಜಿನ ನಂಬರ್ ಬೇರೆಯವರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಅಡ್ವಾನ್ಸ್ ಬೇರೆಯವರು ವಸೂಲಿ ಮಾಡುತ್ತಾರೆ.

ಆಧಾರ್ ಫೋಟೋ ಮೊದಲೇ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬಹುದಾ?

ನಾವು ತರಿಸಿಕೊಳ್ಳಲ್ಲ. ಹುಡುಗರು ಬದಲಾಗುತ್ತಾರೆ, ಫೋನ್ ಎಲ್ಲರ ಕೈಯಲ್ಲೂ ಓಡಾಡುತ್ತದೆ, ಫೋಟೋಗಳು ಗ್ಯಾಲರಿಯಲ್ಲಿ ಉಳಿದುಬಿಡುತ್ತವೆ. /id ಉತ್ತರದಲ್ಲಿ "ದೊಡ್ಡವರೆಲ್ಲರೂ ಬರುವಾಗ ಗುರುತಿನ ಚೀಟಿ ತನ್ನಿ, ಇಲ್ಲಿಗೆ ಫೋಟೋ ಕಳಿಸಬೇಡಿ" ಅಂತ ಬರೆದಿದ್ದೇವೆ. ವಿದೇಶದವರಿಗೆ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು ಅಂತಲೂ ಇದೆ. ಅವರು ಬಂದ 24 ಗಂಟೆಯೊಳಗೆ ನಾವು ಅವರ ವಿವರವನ್ನ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕಲ್ಲ.

ಒಂದೇ ಫೋನ್, ಮೂರು ಜನ. ಏನು ಮಾಡೋದು?

ಮುಖ್ಯ ಫೋನ್ ಅಲ್ಲದೆ ಇನ್ನೂ ನಾಲ್ಕು ಕಡೆ ಅದೇ ನಂಬರನ್ನ ಜೋಡಿಸಬಹುದು, Linked devices ಅಂತ ಇದೆ. ಕೌಂಟರಿನ ಕಂಪ್ಯೂಟರಿಗೆ ಒಂದು, ನನ್ನ ಫೋನಿಗೆ ಒಂದು ಜೋಡಿಸಿದ್ದೇವೆ. ಕೆಲಸ ಬಿಟ್ಟುಹೋದವರ ಫೋನನ್ನ ಅದೇ ದಿನ ಆ ಪಟ್ಟಿಯಿಂದ ತೆಗೆಯಿರಿ. ಮುಖ್ಯ ಫೋನನ್ನ 14 ದಿನಕ್ಕಿಂತ ಜಾಸ್ತಿ ಬಳಸದೆ ಬಿಟ್ಟರೆ ಜೋಡಿಸಿದ್ದೆಲ್ಲ ಕಳಚಿಕೊಳ್ಳುತ್ತವೆ.

ಇಬ್ಬರು ಒಂದೇ ರೂಮನ್ನ ಇಬ್ಬರಿಗೆ ಒಪ್ಪಿಕೊಳ್ಳುವ ಅಪಾಯ ಇದ್ದೇ ಇದೆ. ಅದಕ್ಕೆ ನಮ್ಮಲ್ಲಿ "ಖಚಿತ" ಅನ್ನೋ ಮಾತನ್ನ ರಿಜಿಸ್ಟರ್ ಯಾರ ಮುಂದೆ ಇದೆಯೋ ಅವರೇ ಬರೆಯಬೇಕು. ಉಳಿದವರು ದರ, ದಾರಿ ಕಳಿಸಬಹುದು, ಖಚಿತ ಮಾಡುವಂತಿಲ್ಲ.

ಬೋರ್ಡಿನಲ್ಲಿ, ಗೂಗಲ್ ಪುಟದಲ್ಲಿ ಹಾಕೋಕೆ ಕೊಂಡಿ ಸಿಗುತ್ತಾ?

ಸಿಗುತ್ತದೆ. Business tools ಒಳಗೆ Short link ಇದೆ, ಅಲ್ಲೇ ಕ್ಯೂಆರ್ ಕೂಡ ಸಿಗುತ್ತದೆ. ನೀವೇ ಕೈಯಲ್ಲಿ ಬರೆಯುವುದಾದರೆ 91 ಸೇರಿಸಿ ನಂಬರ್, ಅದರ ಮುಂದೆ ಮೊದಲೇ ತುಂಬಿದ ಮಾತು:

```
https://wa.me/91XXXXXXXXXX?text=Room%20beku.%20Date:
```

ಒತ್ತಿದವರ ಚಾಟ್‌ನಲ್ಲಿ ಆ ಮಾತು ಬಂದು ಕೂತಿರುತ್ತದೆ, ಅವರು ತಾರೀಖು ಸೇರಿಸಿ ಕಳಿಸಿದರೆ ಆಯಿತು. ಪ್ಲಸ್ ಗುರುತು, ನಂಬರಿನ ಶುರುವಿಗೆ ಸೊನ್ನೆ, ನಡುವೆ ಜಾಗ ಯಾವುದೂ ಬೇಡ.

ಪೂರ್ತಿ ತಾನಾಗಿ ಉತ್ತರ ಕೊಡುವ ಬೇರೆ ಆ್ಯಪ್ ಹಾಕಿಕೊಳ್ಳಬಹುದಾ?

ಜಿಬಿ ವಾಟ್ಸಾಪ್ ಥರದ ನಕಲಿ ಆ್ಯಪ್‌ಗಳು ಬೇಡವೇ ಬೇಡ. ನಂಬರ್ ಬ್ಯಾನ್ ಆದರೆ ಬೋರ್ಡಿನ ಮೇಲಿರುವ ನಂಬರೇ ಹೋದ ಹಾಗೆ. ಬೇರೆ ಸಾಫ್ಟ್‌ವೇರ್ ಜೋಡಿಸಿ ತಾನಾಗಿ ಉತ್ತರ ಕಳಿಸೋಕೆ ವಾಟ್ಸಾಪ್ ಕಂಪನಿಯದ್ದೇ ಎಪಿಐ ಅಂತ ಒಂದಿದೆ, ಅದು ಹಣ ಕೊಟ್ಟು ಬಳಸುವುದು, ಅದನ್ನ ಜೋಡಿಸಿಕೊಡೋಕೆ ಬೇರೆಯವರು ಬೇಕು. 12 ರೂಮಿಗೆ ಅದರ ಅಗತ್ಯ ನನಗಂತೂ ಕಂಡಿಲ್ಲ.

ಒಮ್ಮೆ ಹಾಕಿದರೆ ಆಯಿತಾ, ಆಗಾಗ ನೋಡಬೇಕಾ?

ನಾವು ವರ್ಷಕ್ಕೆ ಮೂರು ಸಲ ಕೂತು ಎಲ್ಲ ಉತ್ತರ ಓದುತ್ತೇವೆ: ಮಳೆಗಾಲ ಶುರುವಾಗುವಾಗ, ದಸರಾ ರಜೆಗೆ ಮುಂಚೆ, ಡಿಸೆಂಬರ್ ಮಧ್ಯದಲ್ಲಿ. ಡಿಸೆಂಬರಿನದು ಜಾತ್ರೆಗಾಗಿ. ಆಗ ಸ್ವಾಗತದ ಮಾತಿನ ಮೊದಲ ಸಾಲಿಗೆ "ಜಾತ್ರೆಯ ದಿನಗಳಿಗೆ ಎಲ್ಲ ರೂಮ್ ಬುಕ್ ಆಗಿವೆ" ಅಂತ ಸೇರಿಸುತ್ತೇವೆ. ಜಾತ್ರೆ ಮುಗಿದ ಮಾರನೇ ದಿನ ಆ ಸಾಲು ತೆಗೆಯಬೇಕು. ಒಂದು ವರ್ಷ ತೆಗೆಯೋಕೆ ಮರೆತು ಎರಡು ವಾರ ರೂಮ್‌ಗಳು ಖಾಲಿ ಬಿದ್ದಿದ್ದವು. ಯಾಕೆ ಯಾರೂ ಬರುತ್ತಿಲ್ಲ ಅಂತ ತಿಳಿದದ್ದು ಹಳೇ ಅತಿಥಿಯೊಬ್ಬರು ಫೋನ್ ಮಾಡಿ "ಇನ್ನೂ ಜಾತ್ರೆ ನಡೀತಿದೆಯಾ ಅಣ್ಣಾ?" ಅಂತ ಕೇಳಿದಾಗ. ಈಗ ಆ ಸಾಲು ಹಾಕಿದ ದಿನವೇ, ತೆಗೆಯುವ ತಾರೀಖನ್ನ ಕೌಂಟರಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇವೆ.